ಹೊಸ ಚಿಲ್ಲರಿನ ಮೊದಲ ದಿನದ ಲೆಕ್ಕ

ಬೆಂಗಳೂರಿನ ಹೊರವಲಯದಲ್ಲಿ ಹೊಸ ಕಚೇರಿ ಕಟ್ಟಡವೊಂದು ಎದ್ದು ನಿಂತಿತು ಎಂದಿಟ್ಟುಕೊಳ್ಳಿ. ಎಲ್ಲ ಮುಗಿದ ಮೇಲೆ ಏಸಿ ಗುತ್ತಿಗೆದಾರರು ನೆಲಮಾಳಿಗೆಯ ಪ್ಲಾಂಟ್ ರೂಮನ್ನು ಫೆಸಿಲಿಟಿ ತಂಡಕ್ಕೆ ಒಪ್ಪಿಸುತ್ತಾರೆ. ಬೀಗದ ಕೈ, ಒಂದಿಷ್ಟು ಬಿಡಿಭಾಗ, ಜತೆಗೆ ನಾಲ್ಕೈದು ದಪ್ಪ ಫೈಲು. ಫೈಲಿನ ಬೆನ್ನ ಮೇಲೆ ‘ಓ ಅಂಡ್ ಎಂ ಮ್ಯಾನ್ಯುಯಲ್’ ಎಂಬ ಚೀಟಿ. ಯಂತ್ರವನ್ನು ನಡೆಸುವುದು ಹೇಗೆ, ನೋಡಿಕೊಳ್ಳುವುದು ಹೇಗೆ ಎಂದು ಹೇಳಬೇಕಾದ ಕೈಪಿಡಿ ಅದು.

ಫೈಲು ಬಿಡಿಸಿದರೆ ಹೆಚ್ಚಿನ ಕಡೆ ಸಿಗುವುದು ಕಂಪನಿಯ ಕ್ಯಾಟಲಾಗು. ಒಂದೇ ಪುಟದಲ್ಲಿ ಹತ್ತು ಮಾದರಿಗಳ ಅಳತೆ ಇರುತ್ತದೆ. ನಮ್ಮದು ಅದರಲ್ಲಿ ಯಾವುದು ಎಂಬ ಗುರುತಿರುವುದಿಲ್ಲ. ನಕ್ಷೆ ಇರುತ್ತದೆ, ಆದರೆ ಅದು ಟೆಂಡರಿನ ಕಾಲದ್ದು. ಆಮೇಲೆ ತೊಲೆ ಅಡ್ಡ ಬಂತೆಂದು ಪೈಪು ತಿರುಗಿಸಿದ್ದು ಅದರಲ್ಲಿಲ್ಲ. ತೂಕದಲ್ಲಿ ಹತ್ತು ಕಿಲೋ ಬಂದರೂ ಆ ಫೈಲು ಹೇಳುವುದು ಯಾವುದೋ ಒಂದು ಚಿಲ್ಲರಿನ ವಿಷಯವನ್ನು. ಈ ಕಟ್ಟಡದ, ಈ ನೀರಿನ, ಈ ಯಂತ್ರದ ವಿಷಯ ಅದರಲ್ಲಿ ಹುಡುಕಿದರೂ ಸಿಗುವುದಿಲ್ಲ. ಒಳ್ಳೆಯ ಕೈಪಿಡಿಯಲ್ಲಿ ಯಾವ ಯಾವ ಅಧ್ಯಾಯ ಇರಬೇಕು, ಅವುಗಳಲ್ಲಿ ಯಾವ ಪುಟ ಮುಂದೆ ನಿಜವಾಗಿ ಕೆಲಸಕ್ಕೆ ಬರುತ್ತದೆ ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡೋಣ.

ಯಂತ್ರ ಮತ್ತು ಅದರ ಎರಡು ನೀರು

ನಮ್ಮ ಉದಾಹರಣೆಯ ಯಂತ್ರ 200 ಟನ್ನಿನ, ನೀರಿನಿಂದ ತಣಿಯುವ ಸ್ಕ್ರೂ ಚಿಲ್ಲರ್. ಕಂಪ್ರೆಸರ್, ಇವಾಪರೇಟರ್, ಕಂಡೆನ್ಸರ್, ಕಂಟ್ರೋಲ್ ಪ್ಯಾನಲ್ ಎಲ್ಲವನ್ನೂ ಕಾರ್ಖಾನೆಯಲ್ಲೇ ಒಂದು ಚೌಕಟ್ಟಿನ ಮೇಲೆ ಜೋಡಿಸಿ ತರುವುದರಿಂದ ಇದನ್ನು ಪ್ಯಾಕೇಜ್ಡ್ ಚಿಲ್ಲರ್ ಎನ್ನುತ್ತಾರೆ. ಸ್ಥಳದಲ್ಲಿ ಅದಕ್ಕೆ ನೀರಿನ ಪೈಪು, ಪಂಪು, ವಿದ್ಯುತ್ತು, ಛಾವಣಿಯ ಮೇಲಿನ ಕೂಲಿಂಗ್ ಟವರ್ ಇಷ್ಟನ್ನು ಸೇರಿಸಿದರೆ ಪ್ಲಾಂಟು ಸಿದ್ಧ.

ಇಲ್ಲಿ ‘ಟನ್’ ಎಂದರೆ ಯಂತ್ರದ ತೂಕವಲ್ಲ. ಅಮೆರಿಕದ ಅಳತೆಯ ಒಂದು ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ತಂಪು. ಇಂದಿನ ಲೆಕ್ಕದಲ್ಲಿ 3.517 ಕಿಲೋವ್ಯಾಟ್. 200 ಟನ್ ಎಂದರೆ ಕಟ್ಟಡದಿಂದ ಸುಮಾರು 700 ಕಿಲೋವ್ಯಾಟ್ ಶಾಖವನ್ನು ಎತ್ತಿ ಹೊರಹಾಕುವ ಶಕ್ತಿ.

ಪ್ಲಾಂಟಿನಲ್ಲಿ ಎರಡು ಬೇರೆ ಬೇರೆ ನೀರು ಸುತ್ತುತ್ತವೆ. ಒಂದು ಚಿಲ್ಡ್ ವಾಟರ್. ಅದು ಮಹಡಿಗಳಿಂದ 12 ಡಿಗ್ರಿಯಲ್ಲಿ ಬಂದು, ಇವಾಪರೇಟರಿನಲ್ಲಿ ತಣಿದು, 7 ಡಿಗ್ರಿಯಲ್ಲಿ ವಾಪಸು ಹೋಗುತ್ತದೆ. 200 ಟನ್ನಿಗೆ ಈ ನೀರು ಸೆಕೆಂಡಿಗೆ ಸುಮಾರು 33 ಲೀಟರ್ ಓಡಬೇಕು. ಇನ್ನೊಂದು ಕಂಡೆನ್ಸರ್ ನೀರು. ಕಟ್ಟಡದ ಶಾಖದ ಜತೆಗೆ ಕಂಪ್ರೆಸರಿನ ಶಾಖವನ್ನೂ ಹೊತ್ತು ಛಾವಣಿಗೆ ಹೋಗಿ, ಕೂಲಿಂಗ್ ಟವರಿನಲ್ಲಿ ಗಾಳಿಗೆ ತಣಿದು ಕೆಳಗಿಳಿಯುತ್ತದೆ. ಮೊದಲನೆಯದು ಮುಚ್ಚಿದ ಪೈಪಿನೊಳಗೇ ಸುತ್ತುವ ನೀರು. ಎರಡನೆಯದು ಬಿಸಿಲಿಗೆ, ಧೂಳಿಗೆ ತೆರೆದುಕೊಂಡ ನೀರು. ಸದಾ ಆವಿಯಾಗುತ್ತಿರುತ್ತದೆ, ಸದಾ ಹೊಸ ನೀರು ಬೇಡುತ್ತಿರುತ್ತದೆ. ಪ್ಲಾಂಟಿನ ತೊಂದರೆಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಈ ಎರಡನೆಯ ನೀರಿನಲ್ಲಿ.

ಕೈಪಿಡಿಯ ಹಂದರ

ಇಂಥ ಕೈಪಿಡಿ ಹೇಗಿರಬೇಕು ಎಂಬುದಕ್ಕೆ ಆಶ್ರೇ ಸಂಸ್ಥೆಯ ‘ಗೈಡ್‌ಲೈನ್ 4’ ಎಂಬ ಮಾರ್ಗಸೂಚಿಯೇ ಇದೆ. ಅದರ ಮಾತು ಹಾಗಿರಲಿ. ರಾತ್ರಿ ಪಾಳಿಗೆ ಹೊಸದಾಗಿ ಬಂದ ಆಪರೇಟರಿಗೆ ಯಾವ ಕ್ರಮದಲ್ಲಿ ವಿಷಯ ಬೇಕೋ ಅದೇ ಕ್ರಮದಲ್ಲಿ ಅಧ್ಯಾಯಗಳಿದ್ದರೆ ಸಾಕು.

ಮೊದಲಿಗೆ ಎರಡು ಪುಟದಲ್ಲಿ ಪ್ಲಾಂಟಿನ ಪರಿಚಯ: ಏನೇನಿದೆ, ಎಷ್ಟಿದೆ, ಯಾವುದು ಓಡುತ್ತದೆ, ಯಾವುದು ಸ್ಟ್ಯಾಂಡ್‌ಬೈ. ಆಮೇಲೆ ಯಂತ್ರಗಳ ಪಟ್ಟಿ, ಪ್ರತಿಯೊಂದರ ಸೀರಿಯಲ್ ನಂಬರು ಸಮೇತ. ಅನಂತರ ಕಟ್ಟಿದ ಮೇಲೆ ಇರುವ ಹಾಗೇ ಬರೆದ ನಕ್ಷೆ ಮತ್ತು ವಾಲ್ವ್ ಚಾರ್ಟು. ಪೈಪಿನ ಮೇಲಿನ ವಾಲ್ವಿಗೆ ಹಿತ್ತಾಳೆಯ ಬಿಲ್ಲೆ ಕಟ್ಟಿ ನಂಬರು ಕೊಟ್ಟು, ಅದೇ ನಂಬರನ್ನು ಚಾರ್ಟಿನಲ್ಲಿ ಬರೆದಿರಬೇಕು. ಪೈಪು ಒಡೆದು ನೀರು ಚಿಮ್ಮುವಾಗ ‘ಎಡಗಡೆಯ ಎರಡನೇ ವಾಲ್ವು’ ಎಂದರೆ ಯಾರಿಗೂ ತಿಳಿಯುವುದಿಲ್ಲ.

ಇದರ ಮುಂದೆ ಶುರು ಮಾಡುವ ಮತ್ತು ನಿಲ್ಲಿಸುವ ಕ್ರಮ, ಪ್ಯಾನಲಿನ ಸೆಟ್‌ಪಾಯಿಂಟುಗಳ ಪಟ್ಟಿ, ಕಮಿಷನಿಂಗ್ ದಿನದ ರೀಡಿಂಗು, ದಿನದ ಲಾಗ್ ಶೀಟು, ನಿರ್ವಹಣೆಯ ವೇಳಾಪಟ್ಟಿ, ತೊಂದರೆ ಪತ್ತೆಯ ಪುಟಗಳು, ಬಿಡಿಭಾಗಗಳ ಪಟ್ಟಿ, ಸುರಕ್ಷತೆ, ಕೊನೆಗೆ ವಾರಂಟಿ ಕಾಗದ ಮತ್ತು ಫೋನ್ ನಂಬರುಗಳು. ಕಂಪನಿಯ ಕ್ಯಾಟಲಾಗು ಬೇಕೇ ಬೇಕು, ಆದರೆ ಅದರ ಜಾಗ ಅನುಬಂಧದಲ್ಲಿ. ಅದರಲ್ಲೂ ನಮ್ಮ ಮಾದರಿಯ ಸಾಲಿಗೆ ಗುರುತು ಹಾಕಿರಬೇಕು. ವಾಲ್ವ್ ಚಾರ್ಟು, ಶುರು ಮಾಡುವ ಕ್ರಮ ಮತ್ತು ತುರ್ತಿನ ಸಂದರ್ಭದ ಒಂದು ಪುಟ ಇವು ಮೂರೂ ಫೈಲಿನಲ್ಲಿ ಮಾತ್ರವಲ್ಲದೆ ಪ್ಲಾಂಟ್ ರೂಮಿನ ಗೋಡೆಯ ಮೇಲೂ ಇರಬೇಕು, ಅಲ್ಲಿ ಕೆಲಸ ಮಾಡುವವರು ಓದಬಲ್ಲ ಭಾಷೆಯಲ್ಲಿ.

ಈ ಅಧ್ಯಾಯಗಳಲ್ಲಿ ಎರಡನ್ನು ಹತ್ತಿರದಿಂದ ನೋಡಬೇಕು. ಒಂದು, ಶುರು ಮಾಡುವ ಕ್ರಮ. ಅದು ತಪ್ಪಿದರೆ ಯಂತ್ರ ಒಂದೇ ದಿನದಲ್ಲಿ ಹಾಳಾಗಬಹುದು. ಇನ್ನೊಂದು, ಕಮಿಷನಿಂಗ್ ದಿನದ ರೀಡಿಂಗು. ಅದಿಲ್ಲದಿದ್ದರೆ ಯಂತ್ರ ವರ್ಷಗಟ್ಟಲೆ ನಿಧಾನವಾಗಿ ಹಾಳಾಗುತ್ತಿದ್ದರೂ ಯಾರಿಗೂ ಕಾಣುವುದಿಲ್ಲ.

ಕ್ರಮದ ಜತೆ ಕಾರಣವೂ ಇರಲಿ

ಶುರು ಮಾಡುವ ಕ್ರಮ ಬಾಯಿಪಾಠಕ್ಕೆ ಸುಲಭ. ವಾಲ್ವುಗಳು ತೆರೆದಿವೆಯೇ ನೋಡಿ, ಮೊದಲು ಚಿಲ್ಡ್ ವಾಟರ್ ಪಂಪು, ಆಮೇಲೆ ಕಂಡೆನ್ಸರ್ ಪಂಪು, ಆಮೇಲೆ ಟವರಿನ ಫ್ಯಾನು, ಎರಡೂ ಕಡೆ ನೀರು ಹರಿಯುತ್ತಿದೆ ಎಂದು ಖಾತ್ರಿಯಾದ ಮೇಲೆ ಕೊನೆಯಲ್ಲಿ ಚಿಲ್ಲರ್. ನಿಲ್ಲಿಸುವಾಗ ಮೊದಲು ಚಿಲ್ಲರ್. ಪಂಪುಗಳು ಇನ್ನೂ ಕೆಲವು ನಿಮಿಷ ಓಡಿ ಆಮೇಲೆ ನಿಲ್ಲಬೇಕು. ಇಷ್ಟನ್ನೇ ಬರೆದು ಬಿಟ್ಟರೆ ಸಾಲದು. ಕಾರಣ ತಿಳಿಯದವರು ಅವಸರದಲ್ಲಿ ಒಂದು ಹೆಜ್ಜೆ ಹಾರಿಸಿಬಿಡುತ್ತಾರೆ.

ಫ್ಲೋ ಸ್ವಿಚ್ಚಿನ ವಿಷಯವನ್ನೇ ತೆಗೆದುಕೊಳ್ಳಿ. ಪೈಪಿನಲ್ಲಿ ನೀರು ಹರಿಯುತ್ತಿದ್ದರೆ ಮಾತ್ರ ಇದು ಚಿಲ್ಲರಿಗೆ ಓಡಲು ಅನುಮತಿ ಕೊಡುತ್ತದೆ. ಕೆಲವೊಮ್ಮೆ ನೀರು ಹರಿಯುತ್ತಿದ್ದರೂ ಸ್ವಿಚ್ಚು ಕೈಕೊಟ್ಟು ಚಿಲ್ಲರ್ ಶುರುವಾಗುವುದಿಲ್ಲ. ಆಗ ‘ಇವತ್ತೊಂದು ದಿನ ನಡೆಯಲಿ’ ಎಂದು ತಂತಿಯ ತುಂಡು ಹಾಕಿ ಲೂಪ್ ಮಾಡುವವರಿದ್ದಾರೆ. ಒಂದು ದಿನಕ್ಕೆಂದು ಹಾಕಿದ ಲೂಪು ಅಲ್ಲೇ ಉಳಿಯುತ್ತದೆ. ಮುಂದೊಂದು ದಿನ ಪಂಪು ನಿಜವಾಗಿಯೂ ನಿಂತಾಗ ಇವಾಪರೇಟರಿನಲ್ಲಿ ನಿಂತ ನೀರು ಸೊನ್ನೆ ಡಿಗ್ರಿಗೆ ಇಳಿದು ಮಂಜುಗಡ್ಡೆಯಾಗಬಹುದು. ಮಂಜುಗಡ್ಡೆ ಹಿಗ್ಗಿ ತಾಮ್ರದ ಟ್ಯೂಬು ಸೀಳಿದರೆ ನೀರು ಗ್ಯಾಸಿನೊಳಕ್ಕೆ, ಅಲ್ಲಿಂದ ಕಂಪ್ರೆಸರಿಗೆ ನುಗ್ಗುತ್ತದೆ. ಯಂತ್ರದಲ್ಲಿ ಕಡಿಮೆ ತಾಪಕ್ಕೆ ಟ್ರಿಪ್ ಆಗುವ ಇನ್ನೊಂದು ರಕ್ಷಣೆ ಇದೆ ನಿಜ, ಆದರೆ ಒಂದು ಬೇಲಿ ಕಿತ್ತು ಇನ್ನೊಂದನ್ನೇ ನಂಬಿ ಕೂರುವಂತಿಲ್ಲ. ಕೈಪಿಡಿಯಲ್ಲಿ ‘ಫ್ಲೋ ಸ್ವಿಚ್ ಲೂಪ್ ಮಾಡಬೇಡಿ’ ಎಂಬ ಸಾಲಿನ ಪಕ್ಕದಲ್ಲೇ ಈ ಕಥೆಯೂ ಇರಬೇಕು.

ಇನ್ನೊಂದು, ರಾತ್ರಿ ಹೊತ್ತು ಮೇನ್ ಬ್ರೇಕರ್ ಇಳಿಸುವ ಅಭ್ಯಾಸ. ಕರೆಂಟು ಉಳಿಸುವ ಒಳ್ಳೆಯ ಮನಸ್ಸಿನಿಂದಲೇ ಮಾಡುವ ಕೆಲಸ ಇದು. ಆದರೆ ಕಂಪ್ರೆಸರಿನ ಎಣ್ಣೆಯನ್ನು ಬೆಚ್ಚಗಿಡುವ ಹೀಟರ್ ಓಡುವುದು ಯಂತ್ರ ನಿಂತಿರುವಾಗಲೇ. ಹೀಟರ್ ಆರಿದರೆ ಗ್ಯಾಸು ತಣ್ಣಗಾದ ಎಣ್ಣೆಯಲ್ಲಿ ಬೆರೆತುಹೋಗುತ್ತದೆ. ಬೆಳಗ್ಗೆ ಯಂತ್ರ ಶುರುವಾದ ಕ್ಷಣ ಒಳಗಿನ ಒತ್ತಡ ಕುಸಿದು, ಬೆರೆತ ಗ್ಯಾಸು ಕುದಿದು, ಎಣ್ಣೆ ನೊರೆಯಾಗುತ್ತದೆ. ನೊರೆಯಾದ ಎಣ್ಣೆಗೆ ಬೇರಿಂಗನ್ನು ಕಾಪಾಡುವ ಶಕ್ತಿ ಇರುವುದಿಲ್ಲ. ಆದ್ದರಿಂದ ಕೈಪಿಡಿಯಲ್ಲಿ ‘ನಿಲ್ಲಿಸಿ’ ಎಂದರೆ ಪ್ಯಾನಲಿನಲ್ಲಿ ನಿಲ್ಲಿಸಿ ಎಂದು ಬಿಡಿಸಿ ಹೇಳಬೇಕು. ಬಹಳ ಹೊತ್ತು ವಿದ್ಯುತ್ ಹೋಗಿದ್ದರೆ ಹೀಟರನ್ನು ಎಷ್ಟು ಗಂಟೆ ಓಡಿಸಿ ಆಮೇಲೆ ಯಂತ್ರ ಶುರು ಮಾಡಬೇಕು ಎಂಬುದನ್ನು ತಯಾರಕರು ಹೇಳಿರುತ್ತಾರೆ. 12 ಗಂಟೆ, 24 ಗಂಟೆ ಎಂಬ ಸೂಚನೆಗಳು ಸಾಮಾನ್ಯ. ನಮ್ಮ ಯಂತ್ರಕ್ಕೆ ಎಷ್ಟು ಎಂಬ ಅಂಕಿ ಆ ಪುಟದಲ್ಲೇ ಇರಬೇಕು.

ಸುರಕ್ಷತೆಯ ಅಧ್ಯಾಯಕ್ಕೂ ಇದೇ ಮಾತು. ಇಂಥ ಚಿಲ್ಲರಿನಲ್ಲಿ ಸಾಮಾನ್ಯವಾಗಿ ಇರುವ ಆರ್-134ಎ ಗ್ಯಾಸು ಬೆಂಕಿ ಹಿಡಿಯುವುದಿಲ್ಲ, ವಿಷದ ಗುಣವೂ ಕಡಿಮೆ. ಹಾಗೆಂದು ನಿರಾಳವಾಗಿರುವಂತಿಲ್ಲ. ಅದು ಗಾಳಿಗಿಂತ ಭಾರ. ಸೋರಿದರೆ ನೆಲಮಾಳಿಗೆಯಲ್ಲಿ ತಳದಿಂದ ತುಂಬಿಕೊಂಡು ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಬಗ್ಗಿ ಕೆಲಸ ಮಾಡುವವರಿಗೆ ಉಸಿರಾಡಲು ಆಮ್ಲಜನಕ ಸಿಗುವುದಿಲ್ಲ. ಲೀಕ್ ಅಲಾರಂ ಕೂಗಿದರೆ ಒಳಗೆ ಓಡಬಾರದು. ಹೊರಗಿನ ಸ್ವಿಚ್ಚಿನಿಂದ ಎಕ್ಸಾಸ್ಟ್ ಫ್ಯಾನು ಹಾಕಬೇಕು. ಆ ಸ್ವಿಚ್ಚು ಎಲ್ಲಿದೆ ಎಂಬುದು ಕೈಪಿಡಿಯಲ್ಲಿ ಚಿತ್ರ ಸಮೇತ ಇರಬೇಕು.

ಮೊದಲ ದಿನದ ಪುಟ

ಈಗ ಮುಖ್ಯ ಮಾತಿಗೆ ಬರೋಣ. ಕಮಿಷನಿಂಗ್ ದಿನ ಯಂತ್ರ ಹೊಚ್ಚ ಹೊಸದು. ಟ್ಯೂಬುಗಳು ಸ್ವಚ್ಛ, ಗ್ಯಾಸು ಸರಿಯಾದ ಪ್ರಮಾಣದಲ್ಲಿದೆ, ನೀರಿನ ಹರಿವನ್ನು ಅಳೆದು ಹೊಂದಿಸಲಾಗಿದೆ. ಆ ಸ್ಥಿತಿಯಲ್ಲಿ ಪೂರ್ತಿ ಭಾರ ಹೊತ್ತು ಓಡುವಾಗ ಬರೆದಿಟ್ಟ ರೀಡಿಂಗುಗಳೇ ಮುಂದೆ ಇಪ್ಪತ್ತು ವರ್ಷ ಬಾಳಬೇಕಾದ ಯಂತ್ರಕ್ಕೆ ಅಳತೆಗೋಲು. ನಮ್ಮ ಉದಾಹರಣೆಯ ಯಂತ್ರದ ಪುಟದಲ್ಲಿ ಹೀಗೆ ಬರೆದಿದೆ ಎಂದಿಟ್ಟುಕೊಳ್ಳೋಣ: ಕಂಡೆನ್ಸರಿಗೆ ಹೋಗುವ ನೀರು 30 ಡಿಗ್ರಿ, ಹೊರಬರುವ ನೀರು 35 ಡಿಗ್ರಿ, ಕಂಡೆನ್ಸರಿನೊಳಗೆ ಗ್ಯಾಸು ದ್ರವವಾಗುತ್ತಿರುವ ತಾಪ 37 ಡಿಗ್ರಿ.

ಈ ಮೂರನೆಯ ಅಂಕಿಯನ್ನು ಸ್ವಲ್ಪ ಬಿಡಿಸಬೇಕು. ಕಂಡೆನ್ಸರಿನಲ್ಲಿ ಬಿಸಿ ಗ್ಯಾಸು ಟ್ಯೂಬಿನ ಹೊರಮೈಗೆ ತಾಗಿ ದ್ರವವಾಗುತ್ತದೆ. ಟ್ಯೂಬಿನೊಳಗೆ ಹರಿಯುವ ನೀರು ಅದರ ಶಾಖ ಹೊತ್ತೊಯ್ಯುತ್ತದೆ. ಗ್ಯಾಸು ಯಾವ ತಾಪದಲ್ಲಿ ದ್ರವವಾಗುತ್ತದೆ ಎಂಬುದನ್ನು ಅದರ ಒತ್ತಡವೇ ನಿರ್ಧರಿಸುತ್ತದೆ, ಹಾಗಾಗಿ ಒತ್ತಡ ಅಳೆದು ಪ್ಯಾನಲು ಆ ತಾಪವನ್ನು ತಾನೇ ಲೆಕ್ಕ ಹಾಕಿ ತೋರಿಸುತ್ತದೆ. ಶಾಖ ದಾಟಬೇಕಾದರೆ ಗ್ಯಾಸು ನೀರಿಗಿಂತ ಸ್ವಲ್ಪ ಬಿಸಿಯಾಗಿರಲೇಬೇಕು. ಆ ‘ಸ್ವಲ್ಪ’ ಎಷ್ಟು ಎಂಬುದನ್ನು ಈ ಕ್ಷೇತ್ರದವರು ‘ಅಪ್ರೋಚ್’ ಎನ್ನುತ್ತಾರೆ. ಗ್ಯಾಸಿನ ತಾಪ 37, ಹೊರಬರುವ ನೀರು 35. ಅಪ್ರೋಚ್ 2 ಡಿಗ್ರಿ. ಟ್ಯೂಬಿನ ಗೋಡೆ ಸ್ವಚ್ಛವಾಗಿದ್ದರೆ ಅದು ಕಡಿಮೆ ಇರುತ್ತದೆ, ಗೋಡೆಗೆ ಏನಾದರೂ ಮೆತ್ತಿಕೊಂಡರೆ ಏರುತ್ತದೆ.

ಅಪ್ರೋಚ್ 4 ಡಿಗ್ರಿ ಇದ್ದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಉತ್ತರವಿಲ್ಲ. ಮೊದಲ ದಿನವೇ 4 ಇದ್ದ ಯಂತ್ರಕ್ಕೆ ಅದು ಸಹಜ. 2 ಇದ್ದ ಯಂತ್ರಕ್ಕೆ ಅದು ಎಚ್ಚರಿಕೆ. ಮೊದಲ ದಿನದ ಪುಟ ಇಲ್ಲದ ಪ್ಲಾಂಟಿನಲ್ಲಿ ಗಂಟೆಗೊಮ್ಮೆ ಶ್ರದ್ಧೆಯಿಂದ ಲಾಗ್ ಶೀಟು ತುಂಬಿಸಿದರೂ ಅದು ಬರೀ ಅಂಕಿಗಳ ರಾಶಿ.

ಭಾರದ ಮಾತನ್ನೂ ಮರೆಯುವಂತಿಲ್ಲ. ಯಂತ್ರ ಅರ್ಧ ಭಾರದಲ್ಲಿ ಓಡುವಾಗ ದಾಟುವ ಶಾಖವೂ ಸುಮಾರು ಅರ್ಧ, ಅಪ್ರೋಚೂ ಸುಮಾರು ಅರ್ಧ. ಅರ್ಧ ಭಾರದಲ್ಲಿ 3 ಡಿಗ್ರಿ ತೋರಿಸುತ್ತಿದೆ ಎಂದರೆ ಪೂರ್ತಿ ಭಾರಕ್ಕೆ ಅದು 6 ಆಗಬಹುದು. ಡಿಸೆಂಬರಿನ ಚಳಿಯಲ್ಲಿ ‘ಎಲ್ಲ ಸರಿಯಾಗಿದೆ’ ಎಂದು ಕಾಣುವ ಯಂತ್ರ ಏಪ್ರಿಲಿನಲ್ಲಿ ಕೈಕೊಡುವುದು ಇದರಿಂದಲೇ. ಹಾಗಾಗಿ ಆ ಪುಟದಲ್ಲಿ ಪೂರ್ತಿ, ಮುಕ್ಕಾಲು, ಅರ್ಧ ಎಂದು ಮೂರು ಭಾರಗಳ ರೀಡಿಂಗು ಇರಬೇಕು. ಲಾಗ್ ಶೀಟಿನಲ್ಲಿ ಪ್ರತಿ ಸಲವೂ ಭಾರ ಎಷ್ಟು ಎಂಬ ಅಂಕಣ ಇರಬೇಕು. ಹೋಲಿಸುವಾಗ ಅದೇ ಭಾರದ ಸಾಲಿಗೆ ಹೋಲಿಸಬೇಕು.

ಎರಡು ವರ್ಷದ ನಂತರ

ಕೈಪಿಡಿಯ ಉಪಯೋಗ ಕಾಣುವುದು ತೊಂದರೆ ಬಂದಾಗ. ಎರಡು ವರ್ಷ ಕಳೆದಿದೆ, ಏಪ್ರಿಲ್ ತಿಂಗಳು. ಮಹಡಿಗಳಲ್ಲಿ ಯಾರೂ ಸೆಕೆ ಎಂದು ದೂರಿಲ್ಲ. ಚಿಲ್ಡ್ ವಾಟರ್ ಸರಿಯಾಗಿ 7 ಡಿಗ್ರಿಯಲ್ಲೇ ಹೋಗುತ್ತಿದೆ. ವಿದ್ಯುತ್ ಬಿಲ್ಲು ಮಾತ್ರ ಕಳೆದ ವರ್ಷಕ್ಕಿಂತ ಏರಿದೆ. ಪಾಳಿಯ ಆಪರೇಟರು ಪೂರ್ತಿ ಭಾರದ ರೀಡಿಂಗು ಬರೆದು ಮೊದಲ ದಿನದ ಪುಟದ ಪಕ್ಕದಲ್ಲಿಡುತ್ತಾರೆ.

| ಪೂರ್ತಿ ಭಾರದಲ್ಲಿ | ಮೊದಲ ದಿನ | ಈಗ |
|---|---|---|
| ಕಂಡೆನ್ಸರಿಗೆ ಹೋಗುವ ನೀರು (ಡಿಗ್ರಿ) | 30 | 30 |
| ಕಂಡೆನ್ಸರಿನಿಂದ ಬರುವ ನೀರು (ಡಿಗ್ರಿ) | 35 | 35 |
| ಕಂಡೆನ್ಸರಿನಲ್ಲಿ ಗ್ಯಾಸಿನ ತಾಪ (ಡಿಗ್ರಿ) | 37 | 43 |
| ಇವಾಪರೇಟರಿನಿಂದ ಹೋಗುವ ನೀರು (ಡಿಗ್ರಿ) | 7 | 7 |
| ಇವಾಪರೇಟರಿನಲ್ಲಿ ಗ್ಯಾಸಿನ ತಾಪ (ಡಿಗ್ರಿ) | 5 | 5 |
| ಕಂಪ್ರೆಸರ್ ಎಳೆಯುವ ವಿದ್ಯುತ್ (ಕಿಲೋವ್ಯಾಟ್) | 130 | 147 |

ಕಂಡೆನ್ಸರಿನ ಅಪ್ರೋಚ್ 2ರಿಂದ 8ಕ್ಕೆ ಏರಿದೆ. ಏನಾಗಿದೆ ಎಂದು ತಿಳಿಯಲು ಕೈಪಿಡಿಯ ತೊಂದರೆ ಪತ್ತೆಯ ಪುಟ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಬೇಕು.

ಟವರು ಸರಿಯಾಗಿ ಕೆಲಸ ಮಾಡುತ್ತಿದೆಯೇ? ಫ್ಯಾನಿನ ಬೆಲ್ಟು ಸಡಿಲವಾಗಿದ್ದರೆ, ನೀರು ಚೆಲ್ಲುವ ನಾಜಲು ಕಟ್ಟಿದ್ದರೆ ಕೆಳಗೆ ಬರುವ ನೀರೇ ಬಿಸಿಯಾಗಿರುತ್ತಿತ್ತು. ಅದು 30ರಲ್ಲೇ ಇದೆ. ಟವರಿನ ದೋಷವಲ್ಲ.

ನೀರು ಸಾಕಷ್ಟು ಹರಿಯುತ್ತಿದೆಯೇ? ಸ್ಟ್ರೈನರಿನಲ್ಲಿ ಕಸ ಕಟ್ಟಿ ಹರಿವು ಕಡಿಮೆಯಾಗಿದ್ದರೆ ಅಷ್ಟೇ ಶಾಖವನ್ನು ಕಡಿಮೆ ನೀರು ಹೊರಬೇಕಾಗಿ ಒಳಗೆ ಹೋಗುವ ಮತ್ತು ಹೊರಬರುವ ನೀರಿನ ನಡುವಿನ ವ್ಯತ್ಯಾಸ 7–8 ಡಿಗ್ರಿಗೆ ಹಿಗ್ಗುತ್ತಿತ್ತು. ಅದು 5ರಲ್ಲೇ ಇದೆ. ಹರಿವಿನ ದೋಷವೂ ಅಲ್ಲ.

ಹಾಗಾದರೆ ಗ್ಯಾಸಿನ ಕಡೆ ಏನಾದರೂ ಆಗಿದೆಯೇ? ಇವಾಪರೇಟರಿನಲ್ಲಿ ನೀರಿಗೂ ಗ್ಯಾಸಿಗೂ ಇರುವ ಅಂತರ ಮೊದಲಿನಂತೆ 2 ಡಿಗ್ರಿಯೇ ಇದೆ. ಗ್ಯಾಸು ಸೋರಿ ಕಡಿಮೆಯಾಗಿದ್ದರೆ ಮೊದಲು ಕೆಡುತ್ತಿದ್ದುದು ಆ ಅಂತರ. ಉಳಿಯುವ ಅನುಮಾನ ಎರಡು. ಕಂಡೆನ್ಸರಿನೊಳಗೆ ಗಾಳಿ ಸೇರಿಕೊಂಡಿದೆ, ಇಲ್ಲವೇ ಟ್ಯೂಬಿನೊಳಗೆ ಉಪ್ಪು ಕಟ್ಟಿದೆ. ಎರಡರಲ್ಲೂ ಪ್ಯಾನಲು ತೋರಿಸುವ ಅಂಕಿ ಒಂದೇ ತರಹ ಇರುತ್ತದೆ.

ಇವನ್ನು ಬೇರ್ಪಡಿಸುವ ಪರೀಕ್ಷೆಗೆ ಯಾವ ಹೊಸ ಉಪಕರಣವೂ ಬೇಡ. ಕಂಪ್ರೆಸರ್ ನಿಲ್ಲಿಸಿ, ಕಂಡೆನ್ಸರ್ ಪಂಪು ಮಾತ್ರ ಓಡಿಸಬೇಕು. ಒಳಹೋಗುವ ನೀರು ಮತ್ತು ಹೊರಬರುವ ನೀರು ಎರಡೂ ಒಂದೇ ತಾಪಕ್ಕೆ ಬರುವವರೆಗೆ ಕಾಯಬೇಕು. ಎರಡೂ 30 ಡಿಗ್ರಿಗೆ ನಿಂತವು ಎನ್ನಿ. ಈಗ ಕಂಡೆನ್ಸರಿನೊಳಗಿನ ಗ್ಯಾಸೂ 30 ಡಿಗ್ರಿಯಲ್ಲೇ ಇರಬೇಕು. ಆ ತಾಪಕ್ಕೆ ಆರ್-134ಎ ಗ್ಯಾಸಿನ ಒತ್ತಡ ಗೇಜಿನಲ್ಲಿ ಸುಮಾರು 6.7 ಬಾರ್. ಗೇಜು ಅದಕ್ಕಿಂತ ಸ್ಪಷ್ಟವಾಗಿ ಮೇಲೆ ನಿಂತರೆ ಒಳಗೆ ಗಾಳಿ ಇದೆ ಎಂದರ್ಥ. ದ್ರವವಾಗದ ಗಾಳಿ ತನ್ನ ಒತ್ತಡವನ್ನೂ ಸೇರಿಸುತ್ತಿದೆ. ನಮ್ಮ ಯಂತ್ರದಲ್ಲಿ ಗೇಜು ಪಟ್ಟಿಯ ಅಂಕಿಗೇ ಬಂದು ನಿಂತಿತು. ಆರ್-134ಎ ಯಂತ್ರದೊಳಗಿನ ಒತ್ತಡ ಎಲ್ಲ ಕಡೆಯೂ ಹೊರಗಿನ ಗಾಳಿಗಿಂತ ಹೆಚ್ಚಿರುವುದರಿಂದ ಗಾಳಿ ತಾನಾಗಿ ಒಳಸೇರಲು ದಾರಿಯೂ ಇಲ್ಲ. ಸರ್ವಿಸಿಗೆ ಬಿಚ್ಚಿ, ಸರಿಯಾಗಿ ವ್ಯಾಕ್ಯೂಮ್ ಮಾಡದೆ ಮುಚ್ಚಿದರೆ ಮಾತ್ರ ಅದು ಸೇರುತ್ತದೆ. ಸರ್ವಿಸ್ ದಾಖಲೆಯಲ್ಲಿ ಅಂಥ ಕೆಲಸ ನಡೆದಿಲ್ಲ. ಅಲ್ಲಿಗೆ ಉಳಿದದ್ದು ಒಂದೇ: ಟ್ಯೂಬಿನೊಳಗಿನ ಉಪ್ಪು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಗೀಸರಿನ ಕಾಯಿಲಿಗೆ ಕಟ್ಟುವ ಬಿಳಿ ಪದರದ ಹಾಗೆ.

ಕಂಡೆನ್ಸರಿನಲ್ಲಿ ಗ್ಯಾಸಿನ ತಾಪ ಒಂದು ಡಿಗ್ರಿ ಏರಿದರೆ ಕಂಪ್ರೆಸರ್ ಎಳೆಯುವ ವಿದ್ಯುತ್ತು ಸುಮಾರು 2–3 ಶೇಕಡ ಹೆಚ್ಚುತ್ತದೆ. ಇಲ್ಲಿ ಏರಿದ್ದು 6 ಡಿಗ್ರಿ. 130 ಕಿಲೋವ್ಯಾಟ್ 147 ಆಗಿದೆ. ಪೂರ್ತಿ ಭಾರದಲ್ಲಿ ಓಡುವ ಪ್ರತಿ ಗಂಟೆಗೂ 17 ಯೂನಿಟ್ಟು ಸುಮ್ಮನೆ ಹೋಗುತ್ತಿದೆ. ಯಾವ ಅಲಾರಮ್ಮೂ ಕೂಗಿಲ್ಲ. ಹೀಗೇ ಬಿಟ್ಟರೆ ಮುಂದೊಂದು ಮಧ್ಯಾಹ್ನ ಹೈ ಪ್ರೆಷರಿಗೆ ಯಂತ್ರ ಟ್ರಿಪ್ ಆಗುತ್ತದೆ. ಯಾರಾದರೂ ರಿಸೆಟ್ ಒತ್ತುತ್ತಾರೆ, ಮತ್ತೆ ಟ್ರಿಪ್ ಆಗುತ್ತದೆ.

ಉಪ್ಪು ಕಟ್ಟಿದ್ದು ಯಾವಾಗ?

ಟ್ಯೂಬು ಸ್ವಚ್ಛ ಮಾಡಿದರೆ ಕೆಲಸ ಅರ್ಧ ಮಾತ್ರ ಮುಗಿಯುತ್ತದೆ. ಉಪ್ಪು ಕಟ್ಟಿದ್ದು ಏಕೆ ಎಂಬುದಕ್ಕೆ ಹಳೆಯ ಲಾಗ್ ಶೀಟುಗಳನ್ನು ತಿರುವಬೇಕು. ಪೂರ್ತಿ ಭಾರದ ಸಾಲುಗಳನ್ನು ಮಾತ್ರ ಆರಿಸಿ ನೋಡಿದಾಗ ಅಪ್ರೋಚ್ ಒಂದೂವರೆ ವರ್ಷ 2 ಮತ್ತು 2.5ರ ಆಸುಪಾಸಿನಲ್ಲಿತ್ತು; ಆಮೇಲಿನ ಆರು ತಿಂಗಳಲ್ಲಿ 3.5, 5, 8 ಎಂದು ಏರಿದೆ. ಆ ತಿರುವಿನಲ್ಲಿ ಏನಾಯಿತು? ಟವರಿನ ಬ್ಲೋಡೌನ್ ವಾಲ್ವನ್ನು ‘ನೀರು ಪೋಲಾಗುತ್ತಿದೆ’ ಎಂದು ಯಾರೋ ಮುಚ್ಚಿಸಿದ್ದಾರೆ. ಟ್ಯಾಂಕರ್ ನೀರಿಗೆ ಹಣ ಕೊಡುವ ಊರಿನಲ್ಲಿ ಅದು ತಪ್ಪು ಎಂದು ಮೇಲ್ನೋಟಕ್ಕೆ ಯಾರಿಗೂ ಅನಿಸುವುದಿಲ್ಲ.

ಲೆಕ್ಕ ಹೀಗಿದೆ. ಈ ಗಾತ್ರದ ಪ್ಲಾಂಟು ಪೂರ್ತಿ ಭಾರದಲ್ಲಿ ಓಡಿದರೆ ಟವರಿನಲ್ಲಿ ಗಂಟೆಗೆ ಸುಮಾರು 1,200 ಲೀಟರ್ ನೀರು ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ. ಅದರಲ್ಲಿದ್ದ ಉಪ್ಪಿನಂಶವೆಲ್ಲ ತೊಟ್ಟಿಯಲ್ಲೇ ಉಳಿದು ಗಟ್ಟಿಯಾಗುತ್ತಾ ಹೋಗುತ್ತದೆ. ಒಳಬರುವ ನೀರಿನ ಟಿಡಿಎಸ್ 600 ಇದ್ದು, ಟವರಿನಲ್ಲಿ ಅದರ ನಾಲ್ಕು ಪಟ್ಟು, ಅಂದರೆ 2,400ರವರೆಗೆ ಬಿಡಬಹುದು ಎಂದು ನೀರಿನ ಸಂಸ್ಕರಣೆಯವರು ನಿಗದಿ ಮಾಡಿದ್ದರೆ, ಆವಿಯಾಗುವ ನೀರಿನ ಮೂರನೇ ಒಂದು ಪಾಲನ್ನು ಬ್ಲೋಡೌನ್ ಆಗಿ ಹೊರಬಿಡಬೇಕು. ಗಂಟೆಗೆ ಸುಮಾರು 400 ಲೀಟರ್. ಈ ಲೆಕ್ಕದ ಸೂತ್ರ ಚಿಕ್ಕದು:

ಬ್ಲೋಡೌನ್ = ಆವಿಯಾದ ನೀರು ÷ (ಪಟ್ಟು − 1)

ವಾಲ್ವು ಮುಚ್ಚಿದ ಮೇಲೆ ಟಿಡಿಎಸ್ 4,000 ದಾಟಿತ್ತು. ನೀರು ಬಿಸಿಯಾದಷ್ಟೂ ಸುಣ್ಣದ ಉಪ್ಪು ಅದರಲ್ಲಿ ಕರಗಿರಲಾರದು, ಆದ್ದರಿಂದ ಅದು ಹೋಗಿ ಕೂತದ್ದು ಪ್ಲಾಂಟಿನಲ್ಲೇ ಹೆಚ್ಚು ಬಿಸಿಯಾದ ಜಾಗದಲ್ಲಿ, ಕಂಡೆನ್ಸರಿನ ಟ್ಯೂಬಿನೊಳಗೆ. ಇದನ್ನು ಹೇಳಬೇಕಾದದ್ದು ಕೈಪಿಡಿಯ ಸೆಟ್‌ಪಾಯಿಂಟು ಪಟ್ಟಿ. ಚಿಲ್ಲರಿನ ಅಂಕಿಗಳ ಜತೆಗೆ ಟವರಿನ ಟಿಡಿಎಸ್ ಮಿತಿಯೂ, ಅದನ್ನು ದಿನಕ್ಕೊಮ್ಮೆ ಅಳೆಯಬೇಕೆಂಬ ಮಾತೂ, ಬ್ಲೋಡೌನ್ ಮುಚ್ಚಿದರೆ ಏನಾಗುತ್ತದೆ ಎಂಬ ಒಂದು ಸಾಲೂ ಅಲ್ಲಿದ್ದಿದ್ದರೆ ಆ ವಾಲ್ವು ಮುಚ್ಚುವ ಮೊದಲು ಯಾರಾದರೂ ಎರಡು ಸಲ ಯೋಚಿಸುತ್ತಿದ್ದರು.

ಇನ್ನು ಸ್ವಚ್ಛತೆ. ಎಂಡ್ ಕವರ್ ಬಿಚ್ಚಿ, ಟ್ಯೂಬಿಗೆ ಹೊಂದುವ ನೈಲಾನ್ ಬ್ರಶ್ಶನ್ನು ತಿರುಗುವ ಶಾಫ್ಟಿಗೆ ಹಾಕಿ, ನೀರು ಬಿಡುತ್ತಾ ಒಂದೊಂದೇ ಟ್ಯೂಬು ಉಜ್ಜುತ್ತಾರೆ. ಗಟ್ಟಿ ಪದರ ಬ್ರಶ್ಶಿಗೆ ಬಗ್ಗದಿದ್ದರೆ ಲೋಹ ಕಾಯುವ ಮದ್ದು ಬೆರೆಸಿದ ಆಮ್ಲ ಸುತ್ತಿಸಿ ಕರಗಿಸಬೇಕು. ಇದು ಬಲ್ಲವರ ಕೆಲಸ, ಹೊತ್ತು ಮೀರಿದರೆ ತಾಮ್ರವೇ ಸವೆಯುತ್ತದೆ. ಟ್ಯೂಬಿನ ಒಳಮೈ ನುಣುಪಾದದ್ದೋ ಗೀರುಳ್ಳದ್ದೋ, ಯಾವ ಅಳತೆಯ ಬ್ರಶ್ಶು, ಎಂಡ್ ಕವರಿನ ಗ್ಯಾಸ್ಕೆಟ್ಟಿನ ಪಾರ್ಟ್ ನಂಬರು ಯಾವುದು, ಇವಿಷ್ಟು ಕೈಪಿಡಿಯಲ್ಲಿದ್ದರೆ ಕೆಲಸ ಒಂದು ಭಾನುವಾರದಲ್ಲಿ ಮುಗಿಯುತ್ತದೆ. ಇಲ್ಲದಿದ್ದರೆ ಕವರು ಬಿಚ್ಚಿದ ಮೇಲೆ ಗ್ಯಾಸ್ಕೆಟ್ಟಿಗಾಗಿ ಫೋನು ಮಾಡುತ್ತಾ ಕೂರಬೇಕಾಗುತ್ತದೆ. ಸ್ವಚ್ಛ ಮಾಡಿದ ಮೇಲೆ ಅದೇ ಪೂರ್ತಿ ಭಾರದಲ್ಲಿ ಮತ್ತೆ ರೀಡಿಂಗು ತೆಗೆಯಬೇಕು. ಅಪ್ರೋಚ್ 2.3ಕ್ಕೆ ಬಂದರೆ ಕೆಲಸ ಆಗಿದೆ. 5ರಲ್ಲೇ ನಿಂತರೆ ಪದರ ಇನ್ನೂ ಉಳಿದಿದೆ, ಗುತ್ತಿಗೆದಾರರ ಬಿಲ್ಲಿಗೆ ಸಹಿ ಹಾಕುವ ಹೊತ್ತು ಇನ್ನೂ ಬಂದಿಲ್ಲ.

ನಿರ್ವಹಣೆಯ ವೇಳಾಪಟ್ಟಿಯನ್ನೂ ಇದೇ ರೀತಿ ಬರೆಯಬಹುದು. ‘ವರ್ಷಕ್ಕೊಮ್ಮೆ ಟ್ಯೂಬು ಸ್ವಚ್ಛ ಮಾಡಿ’ ಎಂಬ ಸಾಲಿನ ಜತೆಗೆ ‘ಪೂರ್ತಿ ಭಾರದಲ್ಲಿ ಅಪ್ರೋಚ್ ಮೊದಲ ದಿನಕ್ಕಿಂತ 2 ಡಿಗ್ರಿ ಏರಿದರೆ ವರ್ಷ ತುಂಬುವವರೆಗೆ ಕಾಯಬೇಡಿ’ ಎಂಬ ಸಾಲು ಸೇರಿಸಿದರೆ, ಎಎಂಸಿಯವರು ಬಂದು ಹೋದ ದಿನಾಂಕಕ್ಕಿಂತ ಯಂತ್ರದ ಸ್ಥಿತಿಯೇ ಕೆಲಸವನ್ನು ಕರೆಯುತ್ತದೆ.

ಸಹಿ ಹಾಕುವ ಮುನ್ನ

ಒಂದು ತೊಡಕು ಉಳಿಯಿತು. ಕಟ್ಟಡ ಒಪ್ಪಿಸುವ ದಿನ ಅದು ಸಾಮಾನ್ಯವಾಗಿ ಖಾಲಿ ಇರುತ್ತದೆ. ಜನರಿಲ್ಲ, ಕಂಪ್ಯೂಟರಿಲ್ಲ, ಕಾಲವೂ ಚಳಿಗಾಲವಾಗಿದ್ದರೆ 200 ಟನ್ನಿನ ಯಂತ್ರಕ್ಕೆ 60 ಟನ್ನಿನ ಕೆಲಸವೂ ಸಿಗುವುದಿಲ್ಲ. ಪೂರ್ತಿ ಭಾರದ ರೀಡಿಂಗು ಆ ದಿನ ತೆಗೆಯಲು ಸಾಧ್ಯವೇ ಇಲ್ಲ. ಹೀಗಿದ್ದಾಗ ಎಷ್ಟೋ ಫೈಲುಗಳಲ್ಲಿ ಕಾರ್ಖಾನೆಯ ಲೆಕ್ಕದ ಅಂಕಿಗಳನ್ನೇ ನಕಲು ಮಾಡಿ ಕಮಿಷನಿಂಗ್ ವರದಿ ಎಂದು ಸೇರಿಸಿರುತ್ತಾರೆ. ಎಲ್ಲ ಅಂಕಿಗಳೂ ಅಚ್ಚುಕಟ್ಟಾಗಿ ವಿನ್ಯಾಸದ ಅಂಕಿಗೇ ಹೊಂದಿದ್ದರೆ, ದಿನಾಂಕ, ಸಮಯ, ಹೊರಗಿನ ತಾಪ, ಅಳೆದವರ ಸಹಿ ಇಲ್ಲದಿದ್ದರೆ ಅನುಮಾನ ಪಡಬೇಕು. ನಿಜವಾಗಿ ಅಳೆದ ಅಂಕಿಗಳು ಇಷ್ಟು ನೇರ್ಪಾಗಿ ಬರುವುದಿಲ್ಲ.

ಇದಕ್ಕೆ ದಾರಿ ಇದೆ. ಒಪ್ಪಿಸುವ ದಿನ ಸಿಕ್ಕಷ್ಟು ಭಾರದಲ್ಲಿ ತೆಗೆದ ನಿಜವಾದ ರೀಡಿಂಗನ್ನು, ಭಾರ ಎಷ್ಟಿತ್ತು ಎಂದು ಬರೆದು, ಫೈಲಿಗೆ ಹಾಕಬೇಕು. ಪೂರ್ತಿ ಭಾರದ ಪುಟವನ್ನು ಖಾಲಿ ಬಿಟ್ಟು, ‘ಮೊದಲ ಬೇಸಿಗೆಯಲ್ಲಿ ತುಂಬಬೇಕು’ ಎಂದು ಬರೆದಿಡಬೇಕು. ಅದಕ್ಕೆ ಮೊದಲು ಟ್ಯೂಬು ಮತ್ತು ಸ್ಟ್ರೈನರು ಸ್ವಚ್ಛವಿವೆಯೇ ಎಂದು ನೋಡಿಕೊಂಡು, ಗುತ್ತಿಗೆದಾರರು ಮತ್ತು ಫೆಸಿಲಿಟಿ ತಂಡ ಒಟ್ಟಿಗೆ ನಿಂತು ಆ ರೀಡಿಂಗು ತೆಗೆಯಬೇಕು. ದೋಷ ಹೊಣೆಯ ಅವಧಿ ಸಾಮಾನ್ಯವಾಗಿ ಒಂದು ವರ್ಷ ಇರುವುದರಿಂದ ಅದರೊಳಗೆ ಒಂದು ಬೇಸಿಗೆ ಬಂದೇ ಬರುತ್ತದೆ.

ಸಹಿ ಹಾಕುವ ಮುನ್ನ ಫೆಸಿಲಿಟಿ ಮ್ಯಾನೇಜರು ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಪಾಳಿಯ ಆಪರೇಟರ ಕೈಗೆ ಫೈಲು ಕೊಟ್ಟು ಪ್ಲಾಂಟ್ ರೂಮಿನಲ್ಲೇ ಐದು ಪ್ರಶ್ನೆ ಕೇಳಬೇಕು. ಎರಡನೇ ಕಂಡೆನ್ಸರ್ ಪಂಪನ್ನು ಬೇರ್ಪಡಿಸಲು ಯಾವ ನಂಬರಿನ ವಾಲ್ವುಗಳನ್ನು ಮುಚ್ಚಬೇಕು? ಎಣ್ಣೆಯ ಹೀಟರ್ ಎಷ್ಟು ಗಂಟೆ ಓಡಿರಬೇಕು? ಪೂರ್ತಿ ಭಾರದಲ್ಲಿ ಕಂಡೆನ್ಸರಿನ ಅಪ್ರೋಚ್ ಎಷ್ಟಿರಬೇಕು? ಟವರಿನ ಟಿಡಿಎಸ್ ಮಿತಿ ಎಷ್ಟು? ಲೀಕ್ ಅಲಾರಂ ಕೂಗಿದರೆ ಯಾವ ಸ್ವಿಚ್ಚು ಒತ್ತಬೇಕು? ಹತ್ತು ನಿಮಿಷದಲ್ಲಿ ಐದಕ್ಕೂ ಉತ್ತರ ಸಿಕ್ಕರೆ ಕೈಪಿಡಿ ಪಾಸು. ಸಿಗದಿದ್ದರೆ ಯಾವ ಪುಟ ಕಾಣೆಯಾಗಿದೆ ಎಂಬುದು ಅಲ್ಲೇ ತಿಳಿಯುತ್ತದೆ, ಗುತ್ತಿಗೆದಾರರೂ ಎದುರಿಗೇ ಇರುತ್ತಾರೆ. ಗುತ್ತಿಗೆಯ ಹಣದಲ್ಲಿ ಕೊನೆಗೆ ಕೊಡಲೆಂದು ಹಿಡಿದಿಟ್ಟ ಪಾಲು ಹೇಗೂ ಇರುತ್ತದೆ. ಬೇಸಿಗೆಯ ಆ ಖಾಲಿ ಪುಟ ಭರ್ತಿಯಾದ ಮೇಲೆಯೇ ಅದು ಬಿಡುಗಡೆ ಎಂಬ ಷರತ್ತನ್ನು ಟೆಂಡರ್ ಬರೆಯುವಾಗಲೇ ಸೇರಿಸಿಟ್ಟರೆ ಪುಟ ತಪ್ಪದೆ ಭರ್ತಿಯಾಗುತ್ತದೆ.